ಬೇಯಿಸುವ ಮುನ್ನ ತೂಗಿದ ಅಕ್ಕಿ

ಕೊಡಗಿನ ಮನೆಗಳಲ್ಲಿ ಅಕ್ಕಿ ಒಂದೇ ರೂಪದಲ್ಲಿ ತಟ್ಟೆಗೆ ಬರುವುದಿಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕೆಲವೊಮ್ಮೆ ಕಡಂಬುಟ್ಟು ಅಥವಾ ನೂಪುಟ್ಟು, ನೆಂಟರು ಬಂದರೆ ಪಾಪುಟ್ಟು, ಹಬ್ಬಕ್ಕೆ ಪಾಯಸ, ಹೀಗೆ ಒಂದೇ ಗದ್ದೆಯ ಭತ್ತವನ್ನು ನಾವು ದಿನವಿಡೀ ಬೇರೆ ಬೇರೆ ಹೆಸರಿನಲ್ಲಿ ಉಣ್ಣುತ್ತೇವೆ. ಆದ್ದರಿಂದ ಸಕ್ಕರೆ ಕಾಯಿಲೆ ಬಂದವರಿಗೆ ಅನ್ನ ಕಡಿಮೆ ಮಾಡಿ ಎಂದು ಹೇಳಿದರೆ ನಮ್ಮ ಕಡೆ ಅನ್ನ ಕಡಿಮೆಯಾಗಿ ರೊಟ್ಟಿ ಹೆಚ್ಚಾಗುತ್ತದೆಯೇ ಹೊರತು ಅಕ್ಕಿ ಕಡಿಮೆಯಾಗುವುದಿಲ್ಲ. ನನಗೆ ಎರಡನೇ ವಿಧದ ಮಧುಮೇಹ ಇದೆಯೆಂದು ತಿಳಿದಾಗ ಬಂದ ಮೊದಲ ಸಲಹೆಯೂ ಅದೇ ಆಗಿತ್ತು. ರಾತ್ರಿ ಅನ್ನ ಬಿಟ್ಟು ರೊಟ್ಟಿ ತಿನ್ನಿ ಎಂದು ಹೇಳಿದ ಹಿತೈಷಿಗಳು ಬಯಲುಸೀಮೆಯವರು. ಅವರ ಮನಸ್ಸಿನಲ್ಲಿದ್ದ ರೊಟ್ಟಿ ಜೋಳದ್ದು, ನಮ್ಮ ಕಾವಲಿಯ ಮೇಲಿದ್ದದ್ದು ಅಕ್ಕಿಯದು.

ವಿರಾಜಪೇಟೆಯ ವೈದ್ಯರ ಬಳಿ ಮೊದಲ ಬಾರಿ ಹೋದಾಗ ಖಾಲಿ ಹೊಟ್ಟೆಯ ಸಕ್ಕರೆ 148, ಬೆಳಗಿನ ತಿಂಡಿಯ ಎರಡು ಗಂಟೆಯ ನಂತರದ್ದು 262, ಎಚ್‌ಬಿಎ1ಸಿ ಶೇಕಡಾ 8.4 ಇತ್ತು. ಖಾಲಿ ಹೊಟ್ಟೆಯಲ್ಲಿ 126 ಮತ್ತು ಅದಕ್ಕಿಂತ ಹೆಚ್ಚು, ಎಚ್‌ಬಿಎ1ಸಿ 6.5 ಮತ್ತು ಅದಕ್ಕಿಂತ ಹೆಚ್ಚು ಇದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ ಎಂದು ಅವರು ವಿವರಿಸಿದರು. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುವುದರಿಂದ ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಆದರೆ ಯಾವ ಊಟ ಸಕ್ಕರೆಯನ್ನು ಏರಿಸಿತು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತಿಳಿಯಲು ಮನೆಯಲ್ಲಿ ಗ್ಲೂಕೋಮೀಟರ್ ಇರಬೇಕು. ವೈದ್ಯರು ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಮತ್ತು ರಾತ್ರಿ ಊಟದೊಂದಿಗೆ, ಗ್ಲಿಮಿಪಿರೈಡ್ 1 ಮಿ.ಗ್ರಾಂ ಮಾತ್ರೆಯನ್ನು ಬೆಳಗಿನ ತಿಂಡಿಯ ಮುಂಚೆ ಬರೆದುಕೊಟ್ಟು, ಊಟದ ಮುಂಚೆ 80ರಿಂದ 130ರ ಒಳಗೆ, ಊಟ ಶುರು ಮಾಡಿದ ಎರಡು ಗಂಟೆಯ ನಂತರ 180ಕ್ಕಿಂತ ಕಡಿಮೆ ಇರಬೇಕೆಂದು ಗುರಿ ಹಾಕಿಕೊಟ್ಟರು. ಕೊನೆಗೆ "ಅಮ್ಮಾ, ನೀವು ಅಕ್ಕಿ ಬಿಡುವುದಿಲ್ಲ ಅಂತ ನನಗೆ ಗೊತ್ತು, ಎಷ್ಟು ಉಣ್ಣುತ್ತೀರಿ ಅಂತಾದರೂ ಬರೆದುಕೊಂಡು ಬನ್ನಿ" ಎಂದರು.

ಎಷ್ಟು ಎಂಬುದನ್ನು ಬರೆಯಲು ಕುಳಿತಾಗಲೇ ತೊಡಕು ಎದುರಾಯಿತು. ಅನ್ನವನ್ನು ಬಟ್ಟಲಿನಲ್ಲಿ ಅಳೆಯಬಹುದು, ಆದರೆ ಹಳೆಯ ಅಕ್ಕಿ ಹೆಚ್ಚು ನೀರು ಕುಡಿದು ಅರಳುತ್ತದೆ, ಹೊಸ ಅಕ್ಕಿ ಅಷ್ಟು ಅರಳದೆ ಅಂಟಂಟಾಗಿ ಕೂರುತ್ತದೆ. ಅದೇ ಬಟ್ಟಲಿನಲ್ಲಿ ಒಂದು ದಿನ ಹೆಚ್ಚು ಅಕ್ಕಿ, ಇನ್ನೊಂದು ದಿನ ಕಡಿಮೆ ಅಕ್ಕಿ ಇರುತ್ತದೆ. ರೊಟ್ಟಿಯನ್ನು ಎಣಿಸಬಹುದು, ಆದರೆ ನಮ್ಮತ್ತೆ ತಟ್ಟಿದ ರೊಟ್ಟಿಗೂ ನಾನು ತಟ್ಟಿದ ರೊಟ್ಟಿಗೂ ದಪ್ಪದಲ್ಲಿ ವ್ಯತ್ಯಾಸವಿದೆ. ಕಡಂಬುಟ್ಟಿನ ಉಂಡೆ ಕಟ್ಟುವವರ ಕೈಯ ಅಳತೆಗೆ ಬರುತ್ತದೆ. ಬೆಂದ ಮೇಲೆ ಇವನ್ನು ತೂಗಿ ಹೋಲಿಸುವುದರಲ್ಲಿಯೂ ಅರ್ಥವಿಲ್ಲ, ಏಕೆಂದರೆ ಆ ತೂಕದಲ್ಲಿ ನೀರಿನ ಪಾಲು ಎಷ್ಟೆಂದು ತಿಳಿಯುವುದಿಲ್ಲ. ಹಾಗಾಗಿ ನಾನು ತೂಗುವ ಕೆಲಸವನ್ನು ಒಲೆಯ ಮೇಲಿಡುವ ಮೊದಲೇ ಮಾಡಲು ನಿರ್ಧರಿಸಿದೆ. ಅಡುಗೆಮನೆಯ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹಸಿ ಅಕ್ಕಿ, ಹಿಟ್ಟು ಅಥವಾ ತರಿಯನ್ನು ತೂಗಿ, ಅಡುಗೆಯಾದ ಮೇಲೆ ಎಷ್ಟು ಪಾಲಾಯಿತು ಎಂದು ಭಾಗಿಸಿದರೆ ಸಾಕು. ಹಸಿ ಅಕ್ಕಿಯಲ್ಲಿ, ಅದು ಇಡಿಯಾಗಿರಲಿ, ಹಿಟ್ಟಾಗಿರಲಿ, ತರಿಯಾಗಿರಲಿ, ನೂರು ಗ್ರಾಂಗೆ ಸುಮಾರು 78ರಿಂದ 80 ಗ್ರಾಂ ಪಿಷ್ಟ ಇರುತ್ತದೆ. ಆ ಒಂದು ಅಂಕಿ ತಿಳಿದಿದ್ದರೆ ಮಿಕ್ಕ ಲೆಕ್ಕವೆಲ್ಲ ಬಾಯಿಲೆಕ್ಕ.

ಕಡಂಬುಟ್ಟಿನ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ಕುದಿಯುವ ಉಪ್ಪುನೀರಿಗೆ 250 ಗ್ರಾಂ ಅಕ್ಕಿ ತರಿ ಹಾಕಿ, ಕೈಬಿಡದೆ ತಿರುವಿ, ನೀರು ಹೀರಿಕೊಂಡು ಮುದ್ದೆಯಾದ ಮೇಲೆ ಇಳಿಸಿ, ಕೈ ಸುಡದಷ್ಟು ಆರಿದಾಗ ತುಪ್ಪ ಸವರಿದ ಅಂಗೈಯಲ್ಲಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದಾಗ ನನ್ನ ಕೈಗೆ ಹದಿನಾರು ಉಂಡೆಗಳಾದವು. 250ನ್ನು ಹದಿನಾರರಿಂದ ಭಾಗಿಸಿದರೆ ಒಂದು ಉಂಡೆಗೆ 15 ಗ್ರಾಂಗಿಂತ ತುಸು ಹೆಚ್ಚು ಹಸಿ ತರಿ, ಅಂದರೆ ಸುಮಾರು 12 ಗ್ರಾಂ ಪಿಷ್ಟ. ಅಕ್ಕಿ ರೊಟ್ಟಿಗೆ ನಾವು ಬೆಂದ ಅನ್ನವನ್ನು ಹಿಟ್ಟಿನೊಂದಿಗೆ ಸೇರಿಸಿ ನಾದುವುದರಿಂದ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನೂರು ಗ್ರಾಂ ಅಕ್ಕಿಯ ಅನ್ನಕ್ಕೆ ನೂರೈವತ್ತು ಗ್ರಾಂ ಹಿಟ್ಟು ಸೇರಿಸಿ ಹತ್ತು ರೊಟ್ಟಿ ತಟ್ಟಿದರೆ ಒಂದಕ್ಕೆ 25 ಗ್ರಾಂ ಅಕ್ಕಿ, 20 ಗ್ರಾಂ ಪಿಷ್ಟ. ಅನ್ನವಾದರೆ 60 ಗ್ರಾಂ ಹಸಿ ಅಕ್ಕಿ ಬೆಂದು ಸುಮಾರು 165 ಗ್ರಾಂ ಆಗುತ್ತದೆ, ಅದರಲ್ಲಿ 47 ಗ್ರಾಂನಷ್ಟು ಪಿಷ್ಟವಿರುತ್ತದೆ. ಈ ಲೆಕ್ಕದಿಂದ ಹಿಂದಿನ ನನ್ನ ಊಟವನ್ನು ನೋಡಿದಾಗ ಮಧ್ಯಾಹ್ನ ಒಂದೇ ಹೊತ್ತಿಗೆ 150 ಗ್ರಾಂ ಅಕ್ಕಿ, ಬೆಳಿಗ್ಗೆ ನಾಲ್ಕು ರೊಟ್ಟಿ ಎಂದರೆ 100 ಗ್ರಾಂ ಅಕ್ಕಿ ಒಳಗೆ ಹೋಗುತ್ತಿತ್ತು ಎಂಬುದು ತಿಳಿಯಿತು. ನಮ್ಮ ಕಡೆ ಅದು ಹೊಟ್ಟೆಬಾಕರ ಊಟವೇನೂ ಅಲ್ಲ, ಗದ್ದೆ ತೋಟದಲ್ಲಿ ದುಡಿಯುವವರ ಸಾಮಾನ್ಯ ಊಟ. ನಾನು ತೋಟಕ್ಕೆ ಹೋಗುವುದು ಕಡಿಮೆಯಾಗಿ ವರ್ಷಗಳಾಗಿದ್ದರೂ ತಟ್ಟೆ ಮಾತ್ರ ಹಾಗೆಯೇ ಉಳಿದಿತ್ತು.

ಮೊದಲ ಬದಲಾವಣೆಯಾಗಿ ಬೆಳಿಗ್ಗೆ ಎರಡು ರೊಟ್ಟಿ, ಮಧ್ಯಾಹ್ನ 60 ಗ್ರಾಂ ಅಕ್ಕಿಯ ಅನ್ನ, ರಾತ್ರಿ 40 ಗ್ರಾಂ ಅಕ್ಕಿ ಎಂದು ನಿಗದಿ ಮಾಡಿಕೊಂಡೆ. ಅದನ್ನು ನೋಡಿದ ನಮ್ಮತ್ತೆ "ಇಷ್ಟೇ ಅನ್ನ ಉಂಡ್ರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ತದೆ?" ಎಂದು ಕೇಳಿದರು, ಆ ಪ್ರಶ್ನೆಯಲ್ಲಿ ಹುರುಳಿತ್ತು. ಅನ್ನ ತೆಗೆದ ಜಾಗ ಖಾಲಿ ಉಳಿದರೆ ನಾಲ್ಕು ಗಂಟೆಗೆ ಹಸಿವಾಗಿ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತದೆ. ಆದ್ದರಿಂದ ಪಲ್ಯವನ್ನು ಹಿಂದಿನ ಎರಡರಷ್ಟು ಮಾಡಿ, ಪ್ರತಿ ಹೊತ್ತಿಗೂ ಮೊಟ್ಟೆ, ಮೀನು, ಕೋಳಿ, ಕಡಲೆ ಅಥವಾ ಹೆಸರುಕಾಳಿನಲ್ಲಿ ಒಂದಾದರೂ ಇರುವಂತೆ ನೋಡಿಕೊಂಡೆ. ಮಳೆಗಾಲದಲ್ಲಿ ಕೆಂಬಿನ ಸೊಪ್ಪು, ಕಣಿಲೆ, ಅಣಬೆ ಇವೆಲ್ಲ ಹಿತ್ತಲು ತೋಟದಲ್ಲಿಯೇ ಸಿಗುವುದರಿಂದ ಇದಕ್ಕೆ ಹೆಚ್ಚಿನ ಖರ್ಚೇನೂ ಬೀಳಲಿಲ್ಲ. ಬೆಲ್ಲದ ಕಾಫಿಯನ್ನು ಮಾತ್ರ ಪೂರ್ತಿ ಬಿಟ್ಟೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ, ಆದರೆ ರಕ್ತದಲ್ಲಿ ಅವೆರಡರ ಪರಿಣಾಮ ಹೆಚ್ಚುಕಡಿಮೆ ಒಂದೇ.

ಅಕ್ಕಿ ಕಡಿಮೆ ಮಾಡಿದ ಕೆಲವೇ ದಿನಗಳಲ್ಲಿ, ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಕಾಫಿ ತೋಟದಲ್ಲಿ ಚಿಗುರು ತೆಗೆಸುತ್ತಿದ್ದಾಗ ಕೈ ನಡುಗಲಾರಂಭಿಸಿ, ತಣ್ಣನೆಯ ಗಾಳಿಯಲ್ಲಿಯೂ ಮೈ ಬೆವರಿ, ತಡೆಯಲಾರದ ಹಸಿವಾಯಿತು. ಮನೆಗೆ ಬಂದು ನೋಡಿದರೆ ಸಕ್ಕರೆ 62. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ತಕ್ಷಣ 15 ಗ್ರಾಂನಷ್ಟು ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿದು ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕೆಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೆ ಮಾಡಿದಾಗ 88ಕ್ಕೆ ಬಂತು. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಂಡರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮಿಪಿರೈಡ್ ಮಾತ್ರೆಯಾದರೋ ನಾವು ಎಷ್ಟು ಉಂಡಿದ್ದೇವೆ ಎಂದು ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನಾಲ್ಕು ರೊಟ್ಟಿಯ ಕಾಲಕ್ಕೆ ಹೊಂದುವ ಮಾತ್ರೆ ಎರಡು ರೊಟ್ಟಿಗೆ ಹೆಚ್ಚಾಯಿತು. ಬರೆದುಕೊಂಡಿದ್ದ ಅಂಕಿಗಳನ್ನು ನೋಡಿದ ವೈದ್ಯರು ಆ ಮಾತ್ರೆಯನ್ನು ನಿಲ್ಲಿಸಿ ಮೆಟ್‌ಫಾರ್ಮಿನ್ ಮಾತ್ರ ಮುಂದುವರಿಸಿದರು. ಈ ಬಗೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅಕ್ಕಿಯನ್ನು ಅರ್ಧಕ್ಕೆ ಇಳಿಸಬಾರದು ಎಂಬುದನ್ನು ನಾನು ಕೇಳಿದವರಿಗೆಲ್ಲ ಮೊದಲು ಹೇಳುವುದು ಇದೇ ಕಾರಣಕ್ಕೆ.

ಇನ್ನು ಅಳೆಯುವ ವಿಷಯ. ಮನೆಯ ಗ್ಲೂಕೋಮೀಟರ್ ಪ್ರಯೋಗಾಲಯದ ಯಂತ್ರವಲ್ಲ, ಒಳ್ಳೆಯ ಮೀಟರ್ ಕೂಡ ಶೇಕಡಾ ಹದಿನೈದರಷ್ಟು ಆಚೀಚೆ ತೋರಿಸಬಹುದು. 150 ಮತ್ತು 160ರ ನಡುವಿನ ವ್ಯತ್ಯಾಸದಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಆದ್ದರಿಂದ ಒಂದೇ ಊಟವನ್ನು ಬೇರೆ ಬೇರೆ ದಿನ ಉಂಡು, ಅಂಕಿಗಳು ಒಂದೇ ಕಡೆಗೆ ವಾಲಿದರೆ ಮಾತ್ರ ನಾನು ನಂಬುತ್ತಿದ್ದೆ. ನಮ್ಮ ಹವೆಯದ್ದೇ ಒಂದು ತೊಂದರೆಯೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯೇ ಬೆವರುವ ತೇವದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಒಳಗಿನ ಸ್ಟ್ರಿಪ್‌ಗಳು ಕೆಡುತ್ತವೆ. ಒಂದನ್ನು ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಒತ್ತಬೇಕು, ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ ಸುರಿಯಬಾರದು. ಒಂದೇ ಬೆರಳಿನಿಂದ ಬೆನ್ನುಬೆನ್ನಿಗೆ ನೋಡಿದ ಎರಡು ಅಂಕಿಗಳ ನಡುವೆ ನಲವತ್ತರಷ್ಟು ಅಂತರ ಕಂಡರೆ ಸ್ಟ್ರಿಪ್ ಮೇಲೆ ಅನುಮಾನ ಪಡಬೇಕು. ಚಳಿಯಲ್ಲಿ ಬೆರಳಿನಿಂದ ರಕ್ತ ಬರುವುದಿಲ್ಲವೆಂದು ಬಲವಾಗಿ ಹಿಂಡುವ ಬದಲು ಬಿಸಿನೀರಿನಲ್ಲಿ ಕೈ ತೊಳೆದು ಒರೆಸಿಕೊಂಡರೆ ಸುಲಭವಾಗುತ್ತದೆ. ಕೈ ತೊಳೆಯುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಒಮ್ಮೆ ನಮ್ಮ ಮನೆಗೆ ಬಂದಿದ್ದ ನಾದಿನಿ ಕಿತ್ತಳೆ ಸುಲಿಯುತ್ತಾ ಕುಳಿತಿದ್ದವಳು ತನ್ನದನ್ನೂ ನೋಡು ಎಂದು ಬೆರಳು ಚಾಚಿದಳು. ಅವಳು ಹಣ್ಣನ್ನು ಇನ್ನೂ ಬಾಯಿಗೆ ಹಾಕಿರಲಿಲ್ಲ. ಮೀಟರ್ 240 ತೋರಿಸಿತು. ಸೋಪು ಹಚ್ಚಿ ತೊಳೆದು ಮತ್ತೆ ನೋಡಿದಾಗ 104. ಬೆರಳ ತುದಿಯಲ್ಲಿ ಅಂಟಿದ ಹಣ್ಣಿನ ರಸವನ್ನೇ ಮೀಟರ್ ಅಳೆದಿತ್ತು.

ಅಂಕಿಗಳು ಕೂಡುತ್ತಾ ಹೋದಂತೆ ಮೊದಲು ಎದ್ದು ಕಂಡದ್ದು ಬೆಳಗಿನ ಹೊತ್ತು. ಮಧ್ಯಾಹ್ನ 60 ಗ್ರಾಂ ಅಕ್ಕಿಯ ಅನ್ನವನ್ನು ಪಲ್ಯ ಮತ್ತು ಕಾಳಿನ ಸಾರಿನೊಂದಿಗೆ ಉಂಡರೆ, ಉಣ್ಣುವ ಮುನ್ನ 118 ಇದ್ದದ್ದು ಉಂಡ ಒಂದು ಗಂಟೆಗೆ 182ಕ್ಕೆ ಏರಿ, ಎರಡು ಗಂಟೆಗೆ 156ಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಎರಡು ರೊಟ್ಟಿ, ಅಂದರೆ ಅದಕ್ಕಿಂತ ಕಡಿಮೆ ಅಕ್ಕಿ, ಕಾಯಿ ಚಟ್ನಿಯೊಂದಿಗೆ ತಿಂದರೆ ಒಂದು ಗಂಟೆಗೆ 210 ದಾಟುತ್ತಿತ್ತು. ಇದಕ್ಕೆ ಎರಡು ಕಾರಣಗಳಿವೆ. ನಸುಕಿನಲ್ಲಿ ದೇಹ ಎಚ್ಚರಗೊಳ್ಳುವಾಗ ಹೊರಡುವ ಹಾರ್ಮೋನುಗಳ ಪ್ರಭಾವದಿಂದ ಯಕೃತ್ತು ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಮಧುಮೇಹಿಗಳಲ್ಲಿ ಇನ್ಸುಲಿನ್ ಅದನ್ನು ಸರಿಯಾಗಿ ತಡೆಯುವುದಿಲ್ಲ. ಹೀಗಾಗಿ ನಮ್ಮಲ್ಲಿ ಅನೇಕರಿಗೆ ದಿನದ ಅತಿ ದೊಡ್ಡ ಏರಿಕೆ ಬೆಳಗಿನ ತಿಂಡಿಯ ನಂತರವೇ ಕಾಣುತ್ತದೆ. ಎರಡನೆಯದು ಹಿಟ್ಟು. ಇಡೀ ಕಾಳಿನ ಒಳಗಿರುವ ಪಿಷ್ಟವನ್ನು ಜೀರ್ಣರಸ ತಲುಪಲು ಸ್ವಲ್ಪ ಹೊತ್ತು ಬೇಕು, ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟಿನಲ್ಲಿ ಆ ತಡೆ ಇರುವುದಿಲ್ಲ. ರೊಟ್ಟಿಯನ್ನು ಬಿಡುವ ಬದಲು ಚಟ್ನಿಯ ಜಾಗಕ್ಕೆ ಕಡಲೆ ಗಸಿ ಅಥವಾ ಎರಡು ಮೊಟ್ಟೆಯ ಸಾರು ತಂದೆ, ಹಿಟ್ಟನ್ನು ಕೊಂಚ ತರಿತರಿಯಾಗಿ ಬೀಸಿಸಿದೆ, ತಿಂದ ಕೂಡಲೇ ಕಾಲು ಗಂಟೆ ನಡೆದೆ. ಒಂದು ಗಂಟೆಯ ಅಂಕಿ 180ರ ಆಸುಪಾಸಿಗೆ ಬಂತು. ಮೂರರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಒಂದೊಂದನ್ನೇ ಬಿಟ್ಟು ನೋಡಿದಾಗ, ತರಿಯಾಗಿ ಬೀಸಿದ್ದರಿಂದ ಆದ ವ್ಯತ್ಯಾಸ ಮೀಟರಿನ ತಪ್ಪಿನೊಳಗೇ ಮುಳುಗಿಹೋಗುವಷ್ಟು ಚಿಕ್ಕದಿತ್ತು. ನಡಿಗೆಯ ಪಾಲೇ ದೊಡ್ಡದು, ಕಡಲೆ ಮೊಟ್ಟೆಗಳದ್ದು ಅದರ ನಂತರ.

ನಡಿಗೆ ಎಂದರೆ ಬೆಳಗಿನ ಜಾವದ ಒಂದು ಗಂಟೆಯ ವಾಯುವಿಹಾರ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಊಟದ ಸಕ್ಕರೆಯನ್ನು ತಗ್ಗಿಸುವುದಕ್ಕೆ ಊಟ ಮುಗಿದ ಮೇಲಿನ ಹತ್ತು ಹದಿನೈದು ನಿಮಿಷಗಳ ನಡಿಗೆಯೇ ಹೆಚ್ಚು ಉಪಯುಕ್ತ, ಏಕೆಂದರೆ ದುಡಿಯುತ್ತಿರುವ ಕಾಲಿನ ಸ್ನಾಯುಗಳು ರಕ್ತಕ್ಕೆ ಆಗಷ್ಟೇ ಬರುತ್ತಿರುವ ಸಕ್ಕರೆಯನ್ನು ಹೆಚ್ಚಿನ ಇನ್ಸುಲಿನ್ ಬೇಡದೆ ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಹೊರಗೆ ಕಾಲಿಟ್ಟರೆ ಜಿಗಣೆ, ಹಾಗಾಗಿ ಜಗಲಿಯ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತೇನೆ. ಮೊದಮೊದಲು ನೋಡಿದವರು ಏನೋ ಚಿಂತೆ ಹತ್ತಿದೆ ಎಂದುಕೊಂಡಿದ್ದರಂತೆ.

ಇದೆಲ್ಲ ಸರಿಹೋದ ಮೇಲೂ ಒಂದು ಅಂಕಿ ಮಾತ್ರ ಬಗೆಹರಿಯದೆ ಉಳಿದಿತ್ತು. ವಾರದ ಮಿಕ್ಕ ದಿನಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 120ರ ಸುತ್ತ ಇರುತ್ತಿದ್ದರೆ ಸೋಮವಾರ ಬೆಳಿಗ್ಗೆ 150 ದಾಟುತ್ತಿತ್ತು. ಭಾನುವಾರ ರಾತ್ರಿ ನಮ್ಮಲ್ಲಿ ಸಾಮಾನ್ಯವಾಗಿ ಪಂದಿ ಕರಿ, ಕಡಂಬುಟ್ಟು. ಆದರೆ ಅದರ ಎರಡು ಗಂಟೆಯ ಅಂಕಿ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು, ಬರಿಯ ಅನ್ನ ಸಾರು ಉಂಡ ದಿನಕ್ಕಿಂತಲೂ ಕಡಿಮೆ. ಪಂದಿ ಕರಿಗೆ ಹಾಕುವ ಕಾಚಂಪುಳಿ ಎಂಬ ಹುಳಿಯ ಗುಣ ಇದು ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಸೋಮವಾರದ ಅಂಕಿ ಕಾಡುತ್ತಿದ್ದುದರಿಂದ ಒಂದು ಭಾನುವಾರ ಅಲಾರಂ ಇಟ್ಟುಕೊಂಡು ನಡುರಾತ್ರಿಯವರೆಗೂ ನೋಡಿದೆ. ರಾತ್ರಿ ಒಂಬತ್ತಕ್ಕೆ ಊಟ, ಐದು ಕಡಂಬುಟ್ಟು, ಅಂದರೆ 78 ಗ್ರಾಂ ತರಿ, 61 ಗ್ರಾಂ ಪಿಷ್ಟ. ಊಟದ ಮುಂಚೆ 121. ಹತ್ತು ಗಂಟೆಗೆ 148, ಹನ್ನೊಂದಕ್ಕೆ 163. ಎರಡು ಗಂಟೆಯ ಪರೀಕ್ಷೆಯಲ್ಲಿ ಇದು ಪಾಸಾದ ಊಟ. ಆದರೆ ಹನ್ನೆರಡಕ್ಕೆ 189, ಒಂದು ಗಂಟೆಗೆ 204, ಬೆಳಿಗ್ಗೆ ಆರಕ್ಕೆ 158.

ವೈದ್ಯರಿಗೆ ಈ ಹಾಳೆ ತೋರಿಸಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಕೊಬ್ಬು ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಅಕ್ಕಿಯ ಪಿಷ್ಟ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಏರಿಕೆ ಇಲ್ಲವಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಅದರ ಮೇಲೆ, ಹೆಚ್ಚು ಕೊಬ್ಬಿನ ಊಟದ ನಂತರ ರಕ್ತದಲ್ಲಿ ಕೊಬ್ಬಿನಾಮ್ಲಗಳು ಹೆಚ್ಚಾಗಿ ಕೆಲವು ಗಂಟೆಗಳ ಕಾಲ ಇನ್ಸುಲಿನ್ ಕೆಲಸವೂ ಮಂದವಾಗುತ್ತದೆ. ಇಲ್ಲಿ ಊಟದ ಸಮಯವೂ ಸೇರಿಕೊಂಡಿತ್ತು. ರಾತ್ರಿ ತಡವಾದಷ್ಟೂ ಅದೇ ಪ್ರಮಾಣದ ಪಿಷ್ಟವನ್ನು ನಿಭಾಯಿಸುವ ದೇಹದ ಶಕ್ತಿ ಕುಗ್ಗುತ್ತದೆ, ಒಂಬತ್ತಕ್ಕೆ ಉಂಡು ಹತ್ತಕ್ಕೆ ಮಲಗಿದವಳಿಗೆ ಏರಿಕೆಯ ಪೂರ್ತಿ ಅವಧಿ ನಿದ್ದೆಯಲ್ಲಿಯೇ ಕಳೆಯುತ್ತಿತ್ತು. ಸಾಮಾನ್ಯ ಊಟಕ್ಕೆ ಎರಡು ಗಂಟೆಯ ಅಂಕಿ ಸಾಕು, ಪಂದಿ ಕರಿಯಂಥ ಊಟಕ್ಕೆ ನಾಲ್ಕು ಗಂಟೆಯದ್ದನ್ನೂ ನೋಡಿ ಎಂದರು. ಕಾಚಂಪುಳಿಯ ವಿಷಯದಲ್ಲಿ ಅವರು ನಕ್ಕರು, ನಾನು ವಾದಿಸಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಊಟವನ್ನು ಏಳೂಕಾಲಕ್ಕೆ ತಂದು, ಕಡಂಬುಟ್ಟನ್ನು ಮೂರಕ್ಕೆ ಇಳಿಸಿದೆ. ಪಂದಿಯ ಮಾಂಸವನ್ನು ಬೆಳಿಗ್ಗೆಯೇ ಬೇಯಿಸಿಟ್ಟು, ತಣಿದು ಮೇಲೆ ಗಟ್ಟಿಯಾದ ಕೊಬ್ಬನ್ನು ಚಮಚದಿಂದ ಎತ್ತಿ ತೆಗೆದು, ಆಮೇಲೆ ಹುರಿದ ಮಸಾಲೆ ಹಾಕಿ ಕರಿ ಮಾಡಿದೆ. ಉಣ್ಣುವಾಗ ಮೊದಲು ಒಂದು ಬಟ್ಟಲು ಪಲ್ಯ, ಕೆಲವು ತುಂಡು ಮಾಂಸ, ಕೊನೆಗೆ ಕಡಂಬುಟ್ಟು. ತರಕಾರಿ ಮತ್ತು ಮಾಂಸವನ್ನು ಮೊದಲು ಉಂಡು ಅಕ್ಕಿಯನ್ನು ಕೊನೆಗೆ ಇಟ್ಟುಕೊಂಡರೆ ಅದೇ ತಟ್ಟೆಯ ಊಟಕ್ಕೆ ಏರಿಕೆ ತಗ್ಗುತ್ತದೆ ಎಂಬುದನ್ನು ಮಧ್ಯಾಹ್ನದ ಅನ್ನದಲ್ಲಿಯೂ ನಾನು ನೋಡಿದ್ದೆ. ಅನ್ನದಿಂದ ಶುರು ಮಾಡಿದ ದಿನಗಳಲ್ಲಿ ಒಂದು ಗಂಟೆಯ ಅಂಕಿ 200ರ ಮೇಲೆಯೇ ಇರುತ್ತಿತ್ತು. ಈ ಬದಲಾವಣೆಗಳಾದ ಮೇಲಿನ ಒಂದು ಭಾನುವಾರದ ಅಂಕಿಗಳು ಹೀಗಿದ್ದವು: ಊಟಕ್ಕೆ ಮುಂಚೆ 116, ಒಂದು ಗಂಟೆಗೆ 139, ಎರಡಕ್ಕೆ 151, ಮೂರಕ್ಕೆ 164, ನಾಲ್ಕಕ್ಕೆ 158, ಬೆಳಿಗ್ಗೆ 124. ಏರಿಕೆಯ ತುದಿ ಈಗಲೂ ತಡವಾಗಿ, ಮೂರನೇ ಗಂಟೆಯಲ್ಲಿ ಇದೆ, ಆದರೆ ಅದು 180ನ್ನು ಮುಟ್ಟುವುದಿಲ್ಲ, ಮತ್ತು ನಾನು ಇನ್ನೂ ಎಚ್ಚರವಾಗಿರುವಾಗಲೇ ಇಳಿಯಲು ತೊಡಗುತ್ತದೆ. ಊಟ ಬೇಗ ಮಾಡಿದ್ದಕ್ಕೆ ಎಷ್ಟು, ಉಂಡೆ ಕಡಿಮೆ ಮಾಡಿದ್ದಕ್ಕೆ ಎಷ್ಟು ಎಂದು ತಿಳಿಯಲು ಒಂಬತ್ತು ಗಂಟೆಗೆ ಮೂರೇ ಉಂಡೆ ತಿಂದೂ ನೋಡಿದ್ದೇನೆ. ನಡುರಾತ್ರಿಗೆ 178, ಬೆಳಿಗ್ಗೆ 141. ಎರಡೂ ಬೇಕು ಎಂದಾಯಿತು.

ಸಂಜೆ ಏಳೂಕಾಲಕ್ಕೆ ಊಟ ಎಂಬುದು ಹೇಳಿದಷ್ಟು ಸುಲಭವಾಗಿರಲಿಲ್ಲ. ನಮ್ಮವರು ಪೇಟೆಯಿಂದ ಬರುವುದೇ ಎಂಟರ ಮೇಲೆ, ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುವ ರೂಢಿ ಮನೆಯಲ್ಲಿ ಇರಲಿಲ್ಲ. ಕೊನೆಗೆ ನಮ್ಮತ್ತೆಯೇ ನನ್ನೊಂದಿಗೆ ಬೇಗ ಉಣ್ಣಲು ಶುರು ಮಾಡಿದ್ದರಿಂದ ಸಮಸ್ಯೆ ಬಗೆಹರಿಯಿತು. ಬೇಗ ಉಂಡರೆ ರಾತ್ರಿ ಹತ್ತಕ್ಕೆ ಹಸಿವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೊದಲ ಕೆಲವು ವಾರ ಆಗುತ್ತಿತ್ತು, ಆಗ ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದೆ. ಗ್ಲಿಮಿಪಿರೈಡ್ ನಿಂತಿದ್ದರಿಂದ ರಾತ್ರಿ ಸಕ್ಕರೆ ಕುಸಿಯುವ ಭಯವಿರಲಿಲ್ಲ, ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯ ಬೇರೆ.

ಮೂರು ತಿಂಗಳ ನಂತರದ ಎಚ್‌ಬಿಎ1ಸಿ 7.1 ಬಂತು, ಅದರ ಮುಂದಿನದು 6.7. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನವಿಡೀ ಓಡಾಟವಿರುವುದರಿಂದ ಅದೇ 60 ಗ್ರಾಂ ಅಕ್ಕಿಗೆ ಎರಡು ಗಂಟೆಯ ಅಂಕಿ 140ರ ಹತ್ತಿರ ನಿಲ್ಲುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಮನೆಯೊಳಗೇ ಕುಳಿತಾಗ ಅದೇ ತಟ್ಟೆ 170ಕ್ಕೆ ಒಯ್ಯುತ್ತದೆ. ಹಾಗಾಗಿ ಮಳೆಗಾಲಕ್ಕೆ ಮಧ್ಯಾಹ್ನದ ಅಕ್ಕಿಯನ್ನು 50 ಗ್ರಾಂಗೆ ಇಳಿಸುತ್ತೇನೆ. ವರ್ಷವಿಡೀ ಒಂದೇ ಅಳತೆ ಎಂಬುದು ನನ್ನ ಮಟ್ಟಿಗೆ ನಡೆಯಲಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ ಬರುವುದೂ ಆ ಮಳೆಯ ನಡುವೆಯೇ. ಅದು ಮದ್ದು, ಸಕ್ಕರೆ ಕಾಯಿಲೆಗೂ ಒಳ್ಳೆಯದು ಎನ್ನುವವರಿದ್ದಾರೆ. ಸೊಪ್ಪಿನ ಗುಣ ಏನೇ ಇರಲಿ, ಅದರಲ್ಲಿರುವ ಅಕ್ಕಿಯೂ ಬೆಲ್ಲವೂ ಲೆಕ್ಕದಿಂದ ಹೊರಗಲ್ಲ. ಅರ್ಧ ಬಟ್ಟಲು ಪಾಯಸ ಉಂಡ ದಿನ ಆ ಹೊತ್ತಿಗೆ ಅನ್ನ ಬಡಿಸಿಕೊಳ್ಳುವುದಿಲ್ಲ.

ಅಕ್ಕಿಯ ಬಗೆಯನ್ನು ಬದಲಿಸಿ ನೋಡಿದ್ದು ಇತ್ತೀಚೆಗೆ. ನಮ್ಮ ಗದ್ದೆಯಲ್ಲಿ ಬೆಳೆಯುವುದು ಇಂಟಾನ್, ಮಿಲ್ಲಿನಲ್ಲಿ ಪೂರ್ತಿ ಪಾಲಿಶ್ ಮಾಡಿಸದೆ ತೌಡಿನ ಅಂಶ ಸ್ವಲ್ಪ ಉಳಿಯುವಂತೆ ಮಾಡಿಸಿದೆ. ಜೊತೆಗೆ ದಕ್ಷಿಣ ಕನ್ನಡದಿಂದ ಬರುವ ಕೆಂಪು ಕುಚ್ಚಲಕ್ಕಿಯನ್ನೂ ತಂದೆ. ಭತ್ತವನ್ನು ಬೇಯಿಸಿ ಒಣಗಿಸಿದ ಮೇಲೆ ಅಕ್ಕಿ ಮಾಡುವುದರಿಂದ ಕುಚ್ಚಲಕ್ಕಿಯ ಪಿಷ್ಟ ಸ್ವಲ್ಪ ಬಿಗಿಯಾಗಿ, ಜೀರ್ಣವಾಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. 60 ಗ್ರಾಂ ಕುಚ್ಚಲಕ್ಕಿಯ ಅನ್ನ ಉಂಡ ದಿನಗಳಲ್ಲಿ ಒಂದು ಗಂಟೆಯ ಅಂಕಿ ಬೆಳ್ತಿಗೆ ಅಕ್ಕಿಗಿಂತ ಇಪ್ಪತ್ತರಷ್ಟು ಕಡಿಮೆ ಬಂತು, ಮತ್ತೆ ಮತ್ತೆ ನೋಡಿದಾಗಲೂ ಹಾಗೆಯೇ ಬಂತು. ಆದರೆ ಅದನ್ನೇ ಕರಗುವಷ್ಟು ಬೇಯಿಸಿ ಗಂಜಿ ಮಾಡಿದಾಗ ಆ ಲಾಭ ಕಾಣಲಿಲ್ಲ. ಪಾಲಿಶ್ ಕಡಿಮೆ ಮಾಡಿಸಿದ ಇಂಟಾನ್‌ನಲ್ಲಿ ಮೀಟರಿಗೆ ಸಿಗುವಂಥ ವ್ಯತ್ಯಾಸ ಇರಲಿಲ್ಲ. ಕುಚ್ಚಲಕ್ಕಿ ಒಳ್ಳೆಯದೆಂದು ಎರಡು ಪಟ್ಟು ಉಂಡರೆ ಇಪ್ಪತ್ತರ ಲಾಭ ಮೊದಲ ಕೆಲವು ತುತ್ತಿನಲ್ಲಿಯೇ ಕರಗಿಹೋಗುತ್ತದೆ, ಆದ್ದರಿಂದ ಅದನ್ನೂ ತೂಗಿಯೇ ಹಾಕುತ್ತೇನೆ. ನಮ್ಮವರಿಗೆ ಅದರ ವಾಸನೆ ಹಿಡಿಸಲಿಲ್ಲ, ಮಧ್ಯಾಹ್ನ ಅವರು ಮನೆಯಲ್ಲಿರುವುದಿಲ್ಲ, ಹಾಗಾಗಿ ಮಧ್ಯಾಹ್ನಕ್ಕೆ ಮಾತ್ರ ಕುಚ್ಚಲಕ್ಕಿ ಎಂದು ಒಪ್ಪಂದವಾಗಿದೆ.

ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಈ ಏರ್ಪಾಡು ಯಾವುದೂ ನಿಲ್ಲುವುದಿಲ್ಲ. ಕದಿರು ತೆಗೆಯುವ ಮುಹೂರ್ತವೇ ರಾತ್ರಿ, ಅದಾದ ಮೇಲೆ ಪೂಜೆ, ಆಮೇಲೆ ತಂಬಿಟ್ಟು, ಹೊಸ ಅಕ್ಕಿಯ ಪಾಯಸ, ಕೊನೆಗೆ ಊಟ. ಕಳೆದ ಪುತ್ತರಿಯಂದು ಏಳು ಗಂಟೆಗೇ ಪಲ್ಯ ಮತ್ತು ಮೊಟ್ಟೆಯಿಂದ ಹೊಟ್ಟೆಯನ್ನು ಅರ್ಧ ತುಂಬಿಸಿಕೊಂಡು, ರಾತ್ರಿಯ ಪಾಲಿನ 40 ಗ್ರಾಂ ಅಕ್ಕಿಯನ್ನು ಪೂರ್ತಿಯಾಗಿ ತಂಬಿಟ್ಟು ಮತ್ತು ಪಾಯಸಕ್ಕೆ ಮೀಸಲಿಟ್ಟೆ. ತಂಬಿಟ್ಟಿನಲ್ಲಿ ಹುರಿದ ಅಕ್ಕಿಯ ಹಿಟ್ಟಿನೊಂದಿಗೆ ಬಾಳೆಹಣ್ಣೂ ಇರುವುದರಿಂದ ಒಂದು ಚಿಕ್ಕ ಉಂಡೆಗೆ ನಿಲ್ಲಿಸಿದೆ, ಪಾಯಸ ನಾಲ್ಕು ಚಮಚ. ಊಟಕ್ಕೆ ಎಲ್ಲರೊಂದಿಗೆ ಕುಳಿತು ಕರಿ ಮಾತ್ರ ಉಂಡೆ. ಎರಡು ಗಂಟೆಯ ನಂತರ 192, ಮರುದಿನ ಬೆಳಿಗ್ಗೆ 139 ಇತ್ತು. ವರ್ಷಕ್ಕೊಮ್ಮೆ ಬರುವ ಈ ಅಂಕಿಯನ್ನು ವೈದ್ಯರು ನೋಡಿ ಏನೂ ಹೇಳದೆ ಮುಂದಿನ ಪುಟ ತಿರುಗಿಸಿದರು.